ಮ್ಯಾಸ್ಕಾಟ್: ಹುಟ್ಟಿಸುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ

ಮದ್ದೂರು: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯು 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಮೇಲೆ, ವಾಹನಗಳು ಮದ್ದೂರು ಪಟ್ಟಣದೊಳಗೆ ಇಳಿಯದೆಯೇ ಮುಂದೆ ಸಾಗುವುದು ಸಾಧ್ಯವಾಯಿತು. ದಾರಿಯಲ್ಲಿ ನಿಂತು ವಡೆ ತಿಂದು ಹೋಗುವ ಗಿರಾಕಿಯನ್ನೇ ನಂಬಿದ್ದ ವ್ಯಾಪಾರಕ್ಕೆ ಇದು ದೊಡ್ಡ ಪೆಟ್ಟು. ಗಿರಾಕಿ ಊರಿಗೆ ಬಾರದಿದ್ದರೆ ವಡೆಯೇ ಪೊಟ್ಟಣದೊಳಗೆ ಕುಳಿತು ಗಿರಾಕಿಯ ಊರಿಗೆ ಹೋಗಬೇಕು. ಆದರೆ ಬೆಂಗಳೂರಿನ ಅಂಗಡಿಯ ಕಪಾಟಿನಲ್ಲಿ ‘ಮದ್ದೂರು ವಡೆ’ ಎಂದು ಬರೆದ ನಾಲ್ಕು ಪೊಟ್ಟಣಗಳು ಸಾಲಾಗಿ ಕುಳಿತಾಗ, ಯಾವುದು ಯಾರದೆಂದು ಗ್ರಾಹಕನಿಗೆ ತಿಳಿಯುವುದು ಹೇಗೆ? ‘ಮದ್ದೂರು’ ಊರಿನ ಹೆಸರು, ‘ವಡೆ’ ತಿಂಡಿಯ ಹೆಸರು. ಇವೆರಡನ್ನೂ ಒಬ್ಬನೇ ತನ್ನದೆಂದು ಕಾಯ್ದಿರಿಸಿಕೊಳ್ಳಲು ಟ್ರೇಡ್‌ಮಾರ್ಕ್ ಕಾನೂನು ಸುಲಭವಾಗಿ ಒಪ್ಪುವುದಿಲ್ಲ.

ಇಂಥ ಸಂದರ್ಭದಲ್ಲಿ ಉದ್ಯಮಿಗಳಿಗೆ ಮೊದಲು ಹೊಳೆಯುವ ಉಪಾಯ ಮ್ಯಾಸ್ಕಾಟ್, ಅಂದರೆ ಸಂಸ್ಥೆಯ ಪರವಾಗಿ ಮಾತನಾಡುವ ಒಂದು ಕಲ್ಪಿತ ಪಾತ್ರ. ಚಿತ್ರಕಾರರೊಬ್ಬರ ಕೈಯಲ್ಲಿ ಒಂದು ಗೊಂಬೆ ಬರೆಸಿ ಪೊಟ್ಟಣದ ಮೇಲೆ ಅಚ್ಚು ಹಾಕಿಸಿದರೆ ಕೆಲಸ ಮುಗಿಯಿತೆಂಬ ಭಾವನೆ ಸಾಮಾನ್ಯ. ವಾಸ್ತವದಲ್ಲಿ ಕೆಲಸ ಆರಂಭವಾಗುವುದೇ ಅಲ್ಲಿಂದ.

ಲಾಂಛನವೇ ಬೇರೆ, ಮ್ಯಾಸ್ಕಾಟ್ ಬೇರೆ

ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಮಂಡ್ಯ ಜಿಲ್ಲಾ ಹಾಲು ಒಕ್ಕೂಟದ ಡೇರಿಯಿದೆ. 2022ರ ಡಿಸೆಂಬರ್ 30ರಂದು ಇಲ್ಲಿಯ ಮೆಗಾ ಡೇರಿಯನ್ನು ಉದ್ಘಾಟಿಸಿದ ಕೇಂದ್ರ ಸಚಿವ ಅಮಿತ್ ಶಾ ಅವರು, ಅಮುಲ್ ಮತ್ತು ನಂದಿನಿ ಒಟ್ಟಾಗಿ ಕೆಲಸ ಮಾಡಬೇಕೆಂದು ಹೇಳಿದ್ದರು. ಆ ಮಾತು, 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿನ ಹಾಲಿನ ಮಾರುಕಟ್ಟೆಗೆ ಬರುವುದಾಗಿ ಮಾಡಿದ ಪ್ರಕಟಣೆಯೊಂದಿಗೆ ಸೇರಿ, ರಾಜ್ಯವ್ಯಾಪಿ ವಿವಾದವಾಗಿ ಬೆಳೆದದ್ದು ಓದುಗರಿಗೆ ನೆನಪಿರಬಹುದು. ರಾಜಕೀಯವನ್ನು ಬದಿಗಿಟ್ಟು ನೋಡಿದರೆ, ಗುರುತಿನ ಎರಡು ಭಿನ್ನ ಮಾರ್ಗಗಳು ಅಲ್ಲಿ ಎದುರುಬದುರಾಗಿದ್ದವು.

ನಂದಿನಿಯನ್ನು ಜನ ಗುರುತಿಸುವುದು ಹೆಸರಿನಿಂದ, ಹಸುವಿನ ಚಿಹ್ನೆಯಿಂದ ಮತ್ತು ಪ್ಯಾಕೆಟ್ಟಿನ ಬಣ್ಣದಿಂದ. ಅಂಗಡಿಗೆ ಹೋದವರು ‘ನೀಲಿ ಪ್ಯಾಕೆಟ್ ಕೊಡಿ’ ಎಂದರೆ ಸಾಕು, ಬೇರೆ ವಿವರಣೆ ಬೇಡ. ಅಮುಲ್ ಬೆಣ್ಣೆಯನ್ನು ಜನ ಗುರುತಿಸುವುದು ಚುಕ್ಕೆಯ ಫ್ರಾಕ್ ತೊಟ್ಟ, ನೀಲಿ ಕೂದಲಿನ ಒಬ್ಬ ಪುಟ್ಟ ಹುಡುಗಿಯಿಂದ. ಹಸುವಿನ ಚಿಹ್ನೆ ‘ಇದು ನಮ್ಮದು’ ಎಂದು ತೋರಿಸುತ್ತದೆ. ಹುಡುಗಿ ಅದನ್ನು ತೋರಿಸುವುದರ ಜೊತೆಗೆ ಮಾತನ್ನೂ ಆಡುತ್ತಾಳೆ. ಕ್ರಿಕೆಟ್ ಸೋಲು, ಚುನಾವಣೆ, ಹೊಸ ಸಿನಿಮಾ, ಯಾವುದರ ಬಗ್ಗೆಯಾದರೂ ಆಕೆಗೊಂದು ಚಟಾಕಿಯಿದೆ. ಮೈಸೂರು ಸ್ಯಾಂಡಲ್ ಸಾಬೂನಿನ ಮೇಲಿರುವ ಶರಭ, ಅಂದರೆ ಸಿಂಹದ ದೇಹಕ್ಕೆ ಆನೆಯ ತಲೆಯುಳ್ಳ ಪುರಾಣದ ಪ್ರಾಣಿ, ಎಷ್ಟೇ ಹಳೆಯದಾದರೂ ಲಾಂಛನವೇ ಹೊರತು ಮ್ಯಾಸ್ಕಾಟ್ ಅಲ್ಲ. ಅದು ನಡೆಯುವುದಿಲ್ಲ, ನಗುವುದಿಲ್ಲ, ಯಾರೊಂದಿಗೂ ಮಾತನಾಡುವುದಿಲ್ಲ. ಅದರಿಂದ ಅದನ್ನು ಯಾರೂ ನಿರೀಕ್ಷಿಸುವುದೂ ಇಲ್ಲ.

ಆದ್ದರಿಂದ ಉದ್ಯಮಿ ಮೊದಲು ಕೇಳಿಕೊಳ್ಳಬೇಕಾದದ್ದು ‘ಪಾತ್ರ ಹೇಗಿರಬೇಕು’ ಎಂಬುದನ್ನಲ್ಲ. ‘ಪಾತ್ರಕ್ಕೆ ಕೊಡಲು ನಮ್ಮ ಬಳಿ ಕೆಲಸವಿದೆಯೇ’ ಎಂಬುದನ್ನು.

ಯಾವಾಗ ಉಪಯೋಗ, ಯಾವಾಗ ಹೊರೆ

ಪದಾರ್ಥ ಅಗ್ಗದ್ದಾಗಿದ್ದು, ಪದೇ ಪದೇ ಕೊಳ್ಳುವಂಥದ್ದಾಗಿದ್ದು, ಪ್ರತಿಸ್ಪರ್ಧಿಯ ಪದಾರ್ಥದಿಂದ ಕಣ್ಣಿಗೆ ಬೇರೆಯಾಗಿ ಕಾಣದಿದ್ದರೆ ಮ್ಯಾಸ್ಕಾಟ್ ನೆರವಾಗುತ್ತದೆ. ಬೆಣ್ಣೆ, ಬಣ್ಣದ ಡಬ್ಬ, ಬಿಸ್ಕತ್ತು, ವಡೆಯ ಪೊಟ್ಟಣ ಈ ಸಾಲಿಗೆ ಸೇರುತ್ತವೆ. ಎರಡನೆಯದಾಗಿ, ಸಂಸ್ಥೆ ವರ್ಷವಿಡೀ ಜನರೊಂದಿಗೆ ಮಾತನಾಡುತ್ತಲೇ ಇರಬೇಕಾದ ಸ್ಥಿತಿಯಿದ್ದರೆ ಪಾತ್ರಕ್ಕೆ ನೆಲೆ ಸಿಗುತ್ತದೆ.

ಜೀವಮಾನದಲ್ಲಿ ಒಂದೆರಡು ಬಾರಿ ಮಾತ್ರ ಕೊಳ್ಳುವ ವಸ್ತುವಿಗೆ ಅದು ಅನಗತ್ಯ. ಹೇಳಲು ಒಂದೇ ಮಾತಿದ್ದು, ಆ ಮಾತು ಬದಲಾಗದಿದ್ದರೂ ಅನಗತ್ಯ. ಅಲ್ಲಿ ಒಳ್ಳೆಯ ಅಕ್ಷರವಿನ್ಯಾಸ ಹಾಗೂ ಒಂದು ಬಣ್ಣವೇ ಸಾಕು. ಮಾಲೀಕರ ಮುಖವೇ ಊರಿಗೆಲ್ಲ ಪರಿಚಿತವಾಗಿರುವ ಹೋಟೆಲಿಗೆ ಗೊಂಬೆಯೊಂದನ್ನು ತಂದು ನಿಲ್ಲಿಸಿದರೆ ಇದ್ದ ಗುರುತೂ ಮಸುಕಾಗುತ್ತದೆ.

ಮನುಷ್ಯ ರಾಯಭಾರಿಗೂ ಕಲ್ಪಿತ ಪಾತ್ರಕ್ಕೂ ಇರುವ ವ್ಯತ್ಯಾಸವನ್ನೂ ಇಲ್ಲಿ ಗಮನಿಸಬೇಕು. ನಂದಿನಿಗಾಗಿ ವರನಟ ಡಾ. ರಾಜ್‌ಕುಮಾರ್, ಬಳಿಕ ಪುನೀತ್ ರಾಜ್‌ಕುಮಾರ್ ಸಂಭಾವನೆ ಪಡೆಯದೆ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಆ ವಿಶ್ವಾಸವನ್ನು ಯಾವ ಗೊಂಬೆಯೂ ತಂದುಕೊಡಲಾರದು. ಆದರೆ 2021ರ ಅಕ್ಟೋಬರ್ 29ರಂದು ಪುನೀತ್ ಅಕಾಲಿಕವಾಗಿ ಅಗಲಿದಾಗ, ನಾಡಿನ ದುಃಖದ ಜೊತೆಗೆ ಸಂಸ್ಥೆಯ ಮುಖವೂ ಒಂದೇ ದಿನದಲ್ಲಿ ಇಲ್ಲವಾಯಿತು. 2025ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನಿಗೆ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿ ಸಂಭಾವನೆಗೆ ನೇಮಿಸಿದಾಗ ಎದ್ದ ಆಕ್ಷೇಪವು, ಮನುಷ್ಯ ರಾಯಭಾರಿಯ ಆಯ್ಕೆಯೇ ಸುದ್ದಿಯಾಗಿಬಿಡಬಹುದೆಂಬುದನ್ನು ತೋರಿಸಿತು. ಕಲ್ಪಿತ ಪಾತ್ರಕ್ಕೆ ವಯಸ್ಸಾಗುವುದಿಲ್ಲ, ಅದು ಸಂಭಾವನೆ ಕೇಳುವುದಿಲ್ಲ. ಆದರೆ ನಟನೊಬ್ಬನ ಮೇಲೆ ಜನರಿಗಿರುವ ಪ್ರೀತಿ ಮೊದಲ ದಿನವೇ ದಕ್ಕಿದರೆ, ಗೊಂಬೆಯ ಮೇಲಿನ ಪ್ರೀತಿಯನ್ನು ಹತ್ತಾರು ವರ್ಷ ದುಡಿದು ಗಳಿಸಬೇಕು. ಅಷ್ಟು ತಾಳ್ಮೆಯಿಲ್ಲದವರು ಈ ದಾರಿ ಹಿಡಿಯದಿರುವುದೇ ಲೇಸು.

ಸುಲಭವಾಗಿ ಬರೆಯಲು ಬರಬೇಕು

ಅಮುಲ್ ಬೆಣ್ಣೆಯ ಜಾಹೀರಾತಿನ ಹೊಣೆ 1966ರಲ್ಲಿ ಎಎಸ್‌ಪಿ ಎಂಬ ಮುಂಬೈನ ಸಂಸ್ಥೆಗೆ ಬಂದಿತು. ಅದರ ಮುಖ್ಯಸ್ಥ ಸಿಲ್ವೆಸ್ಟರ್ ಡಾ ಕುನ್ಹಾ ಹಾಗೂ ಕಲಾ ನಿರ್ದೇಶಕ ಯುಸ್ಟೇಸ್ ಫರ್ನಾಂಡಿಸ್ ಸೇರಿ ಹುಡುಗಿಯ ಪಾತ್ರವನ್ನು ರೂಪಿಸಿದರು. ಪ್ರತಿಸ್ಪರ್ಧಿಯಾಗಿದ್ದ ಪೋಲ್ಸನ್ ಬೆಣ್ಣೆಯ ಹುಡುಗಿಗೆ ಉತ್ತರವಾಗಿ ಈಕೆ ಹುಟ್ಟಿದಳು. ಅಮುಲ್‌ನ ಹೊಣೆ ಹೊತ್ತಿದ್ದ ವರ್ಗೀಸ್ ಕುರಿಯನ್ ಅವರ ಬೇಡಿಕೆ ಎರಡೇ ಆಗಿತ್ತು: ಪಾತ್ರ ನೆನಪಿನಲ್ಲಿ ಉಳಿಯಬೇಕು ಮತ್ತು ಬರೆಯಲು ಸುಲಭವಾಗಿರಬೇಕು.

ಎರಡನೆಯ ಬೇಡಿಕೆಗೆ ಕಾರಣ ಅಂದಿನ ಫಲಕಗಳು. ಅವನ್ನು ಕೈಯಿಂದಲೇ ಬರೆಯಬೇಕಿತ್ತು, ಮತ್ತೆ ಮತ್ತೆ ಬದಲಿಸಬೇಕಿತ್ತು. ಒಂದೊಂದು ಊರಿನಲ್ಲಿ ಒಬ್ಬೊಬ್ಬ ಪೇಂಟರ್. ಸೂಕ್ಷ್ಮವಾದ ನೆರಳು–ಬೆಳಕು, ಮಡಿಕೆ ಮಡಿಕೆಯಾದ ಬಟ್ಟೆ ಇದ್ದಿದ್ದರೆ ಹತ್ತು ಊರಿನಲ್ಲಿ ಹತ್ತು ಹುಡುಗಿಯರು ಹುಟ್ಟುತ್ತಿದ್ದರು. ದುಂಡು ಮುಖ, ದೊಡ್ಡ ಕಣ್ಣು, ನೀಲಿ ಕೂದಲಿಗೆ ಕಟ್ಟಿದ ಅರ್ಧ ಜುಟ್ಟು, ಚುಕ್ಕೆಯ ಫ್ರಾಕ್, ಇಷ್ಟೇ ಇದ್ದುದರಿಂದ ಯಾವ ಕೈ ಬರೆದರೂ ಆಕೆ ಆಕೆಯೇ ಆಗಿ ಉಳಿದಳು.

ಕೈಬರಹದ ಫಲಕಗಳ ಕಾಲ ಬಹುತೇಕ ಮುಗಿದಿದ್ದರೂ ಈ ನಿಯಮ ಹಳತಾಗಿಲ್ಲ. ಇಂದು ಪಾತ್ರವೊಂದು ಪೊಟ್ಟಣದ ಮೂಲೆಯಲ್ಲಿ, ಮೊಬೈಲ್ ಪರದೆಯಲ್ಲಿ, ಸರಕಿನ ರಟ್ಟಿನ ಪೆಟ್ಟಿಗೆಯ ಮೇಲೆ, ಜಾತ್ರೆಯ ಮಳಿಗೆಯ ಬ್ಯಾನರ್‌ನಲ್ಲಿ ಕಾಣಿಸಿಕೊಳ್ಳಬೇಕು. ಇವುಗಳನ್ನು ಸಿದ್ಧಪಡಿಸುವವರು ಬೇರೆ ಬೇರೆ ಜನ. ಮೂಲ ಚಿತ್ರಕಾರನಲ್ಲದೆ ಬೇರೆಯವರಿಂದ ಬರೆಯಲಾಗದ ಪಾತ್ರ, ಆ ಚಿತ್ರಕಾರ ದೂರವಾದ ದಿನವೇ ಸಂಸ್ಥೆಯಿಂದಲೂ ದೂರವಾಗುತ್ತದೆ.

ಒಂದು ವಡೆ ಪೊಟ್ಟಣದ ಉದಾಹರಣೆ

ಮದ್ದೂರಿನಲ್ಲಿ ಪೊಟ್ಟಣದ ವಡೆ ತಯಾರಿಸುವ ಒಂದು ಚಿಕ್ಕ ಘಟಕವಿದೆ ಎಂದು ಭಾವಿಸಿಕೊಂಡು ಈ ನಿಯಮಗಳನ್ನು ಅನ್ವಯಿಸಿ ನೋಡಬಹುದು.

ಸಾಮಾನ್ಯವಾಗಿ ಮೊದಲು ಹೊಳೆಯುವುದು ವಡೆಗೇ ಕಣ್ಣು, ಬಾಯಿ, ಕೈಕಾಲು ಅಂಟಿಸಿದ ಗೊಂಬೆ. ಇದರಲ್ಲಿ ಎರಡು ದೋಷಗಳಿವೆ. ಆಕೃತಿಯನ್ನು ಪೂರ್ತಿ ಕಪ್ಪು ಬಣ್ಣದಿಂದ ತುಂಬಿ ನೋಡಿದರೆ ಉಳಿಯುವುದು ಬರೀ ದುಂಡನೆಯ ತಟ್ಟೆ. ಅದು ನಿಪ್ಪಟ್ಟೋ ಬಿಸ್ಕತ್ತೋ ವಡೆಯೋ ತಿಳಿಯದು. ಇದನ್ನು ನೆರಳಾಕೃತಿಯ ಪರೀಕ್ಷೆ ಎನ್ನುತ್ತಾರೆ, ಮತ್ತು ಇದರಲ್ಲಿ ಸೋತ ಪಾತ್ರವನ್ನು ಬಣ್ಣದಿಂದ ಉಳಿಸಲಾಗದು. ಎರಡನೆಯ ದೋಷ ಕೆಲಸಕ್ಕೆ ಸಂಬಂಧಿಸಿದ್ದು. ಗಿರಾಕಿ ತಿನ್ನಬೇಕಾದ ವಸ್ತುವೇ ಪಾತ್ರವಾದರೆ ಅದು ಆಡಬಹುದಾದ ಮಾತು ‘ನನ್ನನ್ನು ತಿನ್ನಿ’ ಎಂಬುದೊಂದೇ. ನಾಳೆ ಘಟಕದವರು ಚಕ್ಕುಲಿ, ಕೋಡುಬಳೆ ಮಾಡಲು ಹೊರಟರೆ ವಡೆಯ ಗೊಂಬೆ ಅಲ್ಲಿ ನಿಲ್ಲಲಾರದು.

ಮದ್ದೂರು ವಡೆಯ ಕಥೆಯಲ್ಲಿ ಇದಕ್ಕಿಂತ ಉತ್ತಮ ಪಾತ್ರ ಸಿದ್ಧವಾಗಿಯೇ ಇದೆ. ಮದ್ದೂರು ರೈಲು ನಿಲ್ದಾಣದಲ್ಲಿ 1917ರಲ್ಲಿ ರಾಮಚಂದ್ರ ಬುಧ್ಯ ಅವರು ಈ ವಡೆಯನ್ನು ಆರಂಭಿಸಿದರೆಂಬುದು ಪ್ರತೀತಿ. ಅಂದಿನಿಂದಲೂ ಬೋಗಿಯ ಕಿಟಕಿಯಿಂದ ಕಿಟಕಿಗೆ ವಡೆ ಮಾರುವವನ ಕೂಗು ಈ ದಾರಿಯ ಪ್ರಯಾಣಿಕರಿಗೆ ಚಿರಪರಿಚಿತ. ತಲೆಯ ಮೇಲೆ ಅಗಲವಾದ ಬುಟ್ಟಿ ಹೊತ್ತ ಮಾರಾಟಗಾರನನ್ನು ಪಾತ್ರವಾಗಿಸಿದರೆ, ಕಪ್ಪಾಗಿ ತುಂಬಿದ ನೆರಳಿನಲ್ಲೂ ಆ ಬುಟ್ಟಿ ಎದ್ದು ಕಾಣುತ್ತದೆ. ಅವನಿಗೆ ಕೂಗುವ ಬಾಯಿಯಿದೆ, ಓಡುವ ಕಾಲಿದೆ, ಬುಟ್ಟಿಯಲ್ಲಿ ಯಾವ ತಿಂಡಿಯನ್ನಾದರೂ ಇಡಲು ಜಾಗವಿದೆ. ಅಂದರೆ ಕೆಲಸವಿದೆ.

ಮುಂದಿನ ಹಂತ ಅಳತೆ. ನೈಜ ಮನುಷ್ಯನ ಎತ್ತರ ಅವನ ತಲೆಯ ಸುಮಾರು ಏಳು–ಏಳೂವರೆ ಪಟ್ಟು. ಹಾಗೆ ಬರೆದರೆ ಪೊಟ್ಟಣದ ಮೂಲೆಯಲ್ಲಿ ಮುಖ ಸಾಸಿವೆಯಷ್ಟಾಗುತ್ತದೆ. ಆದ್ದರಿಂದ ಇಂಥ ಪಾತ್ರಗಳಲ್ಲಿ ಎತ್ತರವನ್ನು ತಲೆಯ ಮೂರು ಪಟ್ಟಿಗೆ ಇಳಿಸುವುದು ರೂಢಿ. ಬಳಿಕ ಚಿತ್ರವನ್ನು ಎರಡು ಸೆಂಟಿಮೀಟರ್ ಎತ್ತರಕ್ಕೆ ಕುಗ್ಗಿಸಿ, ಒಂದೇ ಬಣ್ಣದಲ್ಲಿ ಮುದ್ರಿಸಿ, ಕೈಯಳತೆಯ ದೂರದಿಂದ ನೋಡಬೇಕು. ಮುಖಭಾವ ತಿಳಿಯದಿದ್ದರೆ ಗೆರೆಗಳನ್ನು ಕಡಿಮೆ ಮಾಡಬೇಕು. ತಿಂಡಿಯ ಪ್ಲಾಸ್ಟಿಕ್ ಪೊಟ್ಟಣಗಳ ಮುದ್ರಣದಲ್ಲಿ ತೆಳು ಗೆರೆಗಳು ಒಡೆಯುತ್ತವೆ ಅಥವಾ ಶಾಯಿ ಹರಡಿ ಮುಚ್ಚಿಹೋಗುತ್ತವೆ. ಒಂದು ಬಣ್ಣದ ಅಚ್ಚು ಇನ್ನೊಂದರ ಮೇಲೆ ಕೂದಲೆಳೆಯಷ್ಟು ಸರಿದು ಕೂರುವುದೂ ಸಾಮಾನ್ಯ. ಸುತ್ತಲೂ ದಪ್ಪನೆಯ ಹೊರಗೆರೆಯಿದ್ದರೆ ಆ ಸರಿತವನ್ನು ಅದು ಮುಚ್ಚಿಕೊಳ್ಳುತ್ತದೆ. ಬಣ್ಣ ಎರಡು ಅಥವಾ ಮೂರನ್ನು ಮೀರದಿದ್ದರೆ ಒಳ್ಳೆಯದು.

ರಸ್ತೆಯ ಫಲಕಕ್ಕೆ ಇನ್ನೊಂದು ಲೆಕ್ಕವಿದೆ. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಸಾಗುತ್ತದೆ. ಕಣ್ಣಿಗೆ ಮೂರು ಸೆಕೆಂಡ್ ಸಿಕ್ಕಿತೆಂದರೂ ಅಷ್ಟರಲ್ಲಿ 80 ಮೀಟರಿಗೂ ಹೆಚ್ಚು ದೂರ ಕ್ರಮಿಸಿಯಾಗಿರುತ್ತದೆ. ಆ ಅವಧಿಯಲ್ಲಿ ಒಂದು ವಾಕ್ಯ ಓದುವುದು ಕಷ್ಟ, ಒಂದು ಆಕೃತಿಯನ್ನು ಗುರುತಿಸುವುದು ಸಾಧ್ಯ. ಪೊಟ್ಟಣದ ಮೇಲೆ ನೂರು ಬಾರಿ ನೋಡಿದ ಬುಟ್ಟಿಯವನಿದ್ದರೆ ‘ಮುಂದಿನ ತಿರುವು’ ಎಂಬ ಎರಡು ಪದಗಳೇ ಸಾಕಾಗುತ್ತವೆ. ಹಿಂದೆಂದೂ ಕಾಣದ ಗೊಂಬೆಯಾದರೆ ಅದೇ ಫಲಕ ವ್ಯರ್ಥ. ಹೀಗಾಗಿ ಚಿಕ್ಕ ಘಟಕವು ಪಾತ್ರವನ್ನು ಮೊದಲು ಪೊಟ್ಟಣದ ಮೇಲೆ ಪರಿಚಯಿಸಿ, ಫಲಕದ ಖರ್ಚನ್ನು ಆಮೇಲೆ ಮಾಡುವುದು ವಿವೇಕ.

ಬದಲಾಗದ್ದು, ಬದಲಾಗಬಹುದಾದದ್ದು

ವರ್ಷಗಳುದ್ದಕ್ಕೂ ಒಂದೇ ರೀತಿ ಉಳಿಯುವುದೆಂದರೆ ಒಂದೇ ಚಿತ್ರವನ್ನು ಅಚ್ಚು ಹಾಕುತ್ತ ಹೋಗುವುದಲ್ಲ. ಏರ್ ಇಂಡಿಯಾದ ಮಹಾರಾಜನನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸಂಸ್ಥೆಯ ಅಧಿಕಾರಿ ಬಾಬ್ಬಿ ಕೂಕಾ ಮತ್ತು ಚಿತ್ರಕಾರ ಉಮೇಶ್ ರಾವ್ 1946ರಲ್ಲಿ ರೂಪಿಸಿದ ಈ ಪಾತ್ರ, ಭಿತ್ತಿಚಿತ್ರಗಳಲ್ಲಿ ಹೋದ ದೇಶಕ್ಕೆ ತಕ್ಕ ವೇಷ ಹಾಕಿತು. ಜಪಾನಿನಲ್ಲಿ ಸುಮೊ ಮಲ್ಲನೂ ಆಯಿತು. ಆದರೂ ಮೀಸೆ ಕಂಡೊಡನೆ ಮಹಾರಾಜನೆಂದು ತಿಳಿಯುತ್ತಿತ್ತು.

ಆದ್ದರಿಂದ ಪಾತ್ರದ ಅಂಶಗಳನ್ನು ಆರಂಭದಲ್ಲೇ ಎರಡು ಪಟ್ಟಿಗಳಾಗಿ ವಿಂಗಡಿಸಬೇಕು. ನಮ್ಮ ಬುಟ್ಟಿಯವನ ವಿಷಯದಲ್ಲಿ ಬುಟ್ಟಿಯ ಆಕಾರ, ಅದು ಓರೆಯಾಗಿ ಕುಳಿತ ಬಗೆ, ಮೀಸೆ, ಹೆಗಲ ಮೇಲಿನ ಕೆಂಪು ವಸ್ತ್ರ, ಇವು ಎಂದಿಗೂ ಬದಲಾಗಬಾರದ ಪಟ್ಟಿಗೆ ಸೇರಲಿ. ನಾಲ್ಕಕ್ಕಿಂತ ಹೆಚ್ಚು ಬೇಡ. ಅಂಗಿ, ಪಂಚೆ, ಭಂಗಿ, ಕೈಯಲ್ಲಿನ ವಸ್ತು, ಹಿನ್ನೆಲೆ, ಇವು ಬದಲಾಗಬಹುದಾದ ಪಟ್ಟಿಯಲ್ಲಿರಲಿ. ಮೊದಲ ಪಟ್ಟಿ ಉದ್ದವಾದಷ್ಟೂ ಪಾತ್ರ ಜಡವಾಗುತ್ತದೆ. ಪಟ್ಟಿಯೇ ಇಲ್ಲದಿದ್ದರೆ ಪ್ರತಿ ಹಬ್ಬಕ್ಕೂ ಹೊಸ ಪಾತ್ರ ಹುಟ್ಟುತ್ತದೆ.

ಮಾತಿಗೂ ಇಂಥದೇ ಪಟ್ಟಿ ಅಗತ್ಯ. ಬುಟ್ಟಿಯವನು ಮಂಡ್ಯ ಸೀಮೆಯ ಆಡುಮಾತಿನಲ್ಲಿ ಮಾತನಾಡುವನೆಂದು ನಿಶ್ಚಯಿಸಿದರೆ, ಒಂದು ವರ್ಷ ಗ್ರಾಮ್ಯ, ಮರುವರ್ಷ ಬೆಂಗಳೂರಿನ ಇಂಗ್ಲಿಷ್ ಬೆರಕೆ ಆಗಬಾರದು. ಅವನು ಯಾರನ್ನು ಗೇಲಿ ಮಾಡುತ್ತಾನೆ, ಯಾರನ್ನು ಮಾಡುವುದಿಲ್ಲ, ಸಾವು–ನೋವಿನ ಸಂದರ್ಭದಲ್ಲಿ ಮೌನವಾಗಿರುತ್ತಾನೋ ಇಲ್ಲವೋ ಎಂಬುದನ್ನು ಬರೆದಿಡಬೇಕು. ಅಮುಲ್ ಹುಡುಗಿ ದಿನನಿತ್ಯ ತಮಾಷೆ ಮಾಡಿದರೂ, ಗಣ್ಯರು ಅಗಲಿದಾಗ ಬರುವ ಚಿತ್ರದಲ್ಲಿ ತಮಾಷೆಯಿರುವುದಿಲ್ಲ. ಈ ವಿವೇಚನೆ ಪಾತ್ರದ ಗುಣದ ಭಾಗವೇ ಆಗಿಹೋಗಿದೆ.

ಈ ಎಲ್ಲವನ್ನೂ ಒಳಗೊಂಡ ಕೈಪಿಡಿ ಹತ್ತು–ಹನ್ನೆರಡು ಪುಟ ಮೀರಬೇಕಿಲ್ಲ. ಪಾತ್ರದ ಮುಂಭಾಗ, ಮುಕ್ಕಾಲು ತಿರುವು, ಪಕ್ಕ ಹಾಗೂ ಹಿಂಭಾಗದ ಚಿತ್ರಗಳು ಒಂದು ಪುಟ. ನಗು, ಸಿಟ್ಟು, ಅಚ್ಚರಿ ಮುಂತಾದ ಆರೆಂಟು ಮುಖಭಾವಗಳು ಇನ್ನೊಂದು ಪುಟ. ಗೋಡೆ ಬರೆಯುವ ಪೇಂಟರ್‌ಗಳು ಬಳಸುವ ಚೌಕದ ವಿಧಾನವನ್ನೇ ಇಲ್ಲಿಯೂ ಅನುಸರಿಸಬಹುದು. ಮೂಲ ಚಿತ್ರದ ಮೇಲೆ ಹನ್ನೆರಡು ಚೌಕ ಎತ್ತರದ ಜಾಲ ಎಳೆದು, ತಲೆ ನಾಲ್ಕು ಚೌಕ, ಬುಟ್ಟಿಯ ಅಗಲ ಆರು ಚೌಕ ಎಂದು ನಮೂದಿಸಿದರೆ, ಎಷ್ಟೇ ದೊಡ್ಡದಾಗಿ ಬರೆದರೂ ಅಳತೆ ತಪ್ಪುವುದಿಲ್ಲ. ಬಣ್ಣಗಳನ್ನು ‘ಕೆಂಪು’ ಎಂದಷ್ಟೇ ಬರೆಯದೆ ಮುದ್ರಣದ ನಾಲ್ಕು ಶಾಯಿಗಳ ಶೇಕಡಾವಾರು ಅಂಕಿಯಲ್ಲಿ ಕೊಡಬೇಕು.

ಪಾತ್ರ ಜಾರುವುದು ಹೇಗೆ

ಪಾತ್ರವನ್ನು ಯಾರೂ ಬೇಕೆಂದೇ ಕೆಡಿಸುವುದಿಲ್ಲ. ಹೊಸದಾಗಿ ಬಂದ ಚಿತ್ರಕಾರ ಮೂಲ ಚಿತ್ರವನ್ನು ಹುಡುಕದೆ, ಕಳೆದ ತಿಂಗಳ ಜಾಹೀರಾತನ್ನು ನೋಡಿ ನಕಲು ಮಾಡುತ್ತಾನೆ. ಅವನ ನಕಲನ್ನು ಮತ್ತೊಬ್ಬ ನಕಲು ಮಾಡುತ್ತಾನೆ. ಪ್ರತಿ ಬಾರಿಯೂ ಬದಲಾವಣೆ ಗೆರೆಯಷ್ಟು. ಹತ್ತು ವರ್ಷದಲ್ಲಿ ಪಾತ್ರ ಬೇರೆಯದೇ ಆಗಿರುತ್ತದೆ. ಕಣ್ಣು ದೊಡ್ಡದಾಗುವುದು, ಹೊಟ್ಟೆ ಕರಗುವುದು, ಕಾಲು ಉದ್ದವಾಗುವುದು, ತುಟಿಯ ಮೇಲೆ ಸದಾ ಒಂದೇ ನಗು ನಿಲ್ಲುವುದು ಈ ಜಾರುವಿಕೆಯ ಸಾಮಾನ್ಯ ಲಕ್ಷಣಗಳು.

ಇದನ್ನು ಪತ್ತೆ ಮಾಡಲು ತಜ್ಞರು ಬೇಕಿಲ್ಲ. ವರ್ಷಕ್ಕೊಮ್ಮೆ, ಮೊದಲ ಚಿತ್ರ ಹಾಗೂ ಆ ವರ್ಷದ ಚಿತ್ರಗಳನ್ನು ಒಂದೇ ಎತ್ತರಕ್ಕೆ ತಂದು ಅಕ್ಕಪಕ್ಕ ಅಂಟಿಸಿ, ಚೌಕಗಳನ್ನು ಎಣಿಸಿದರೆ ಸಾಕು. ತಲೆ ನಾಲ್ಕರ ಬದಲು ಮೂರು ಚೌಕವಾಗಿದ್ದರೆ ಜಾರುವಿಕೆ ಆರಂಭವಾಗಿದೆ ಎಂದರ್ಥ. ಬೇಕೆಂದೇ ಮಾಡುವ ಬದಲಾವಣೆ ಬೇರೆ. ಅದನ್ನು ಒಮ್ಮೆ ತೀರ್ಮಾನಿಸಿ, ದಿನಾಂಕ ಬರೆದು, ಹೊಸ ಮೂಲ ಚಿತ್ರವನ್ನು ಎಲ್ಲರಿಗೂ ಕಳುಹಿಸಿ, ಹಳೆಯದನ್ನು ಬಳಕೆಯಿಂದ ಹಿಂದಕ್ಕೆ ಪಡೆಯಬೇಕು.

ಅಮುಲ್ ಹುಡುಗಿ ಉಳಿದುಬಂದದ್ದರ ಹಿಂದೆ ಕೈಗಳ ಸಂಖ್ಯೆ ಕಡಿಮೆಯಿದ್ದುದು ಮುಖ್ಯ ಕಾರಣ. ಜಾಹೀರಾತಿನ ಹೊಣೆ ತಂದೆ ಸಿಲ್ವೆಸ್ಟರ್‌ರಿಂದ ಮಗ ರಾಹುಲ್ ಡಾ ಕುನ್ಹಾ ಅವರಿಗೆ ಬಂದಿತು. ಚಿತ್ರಕಾರ ಜಯಂತ್ ರಾಣೆ 1980ರ ದಶಕದಿಂದ, ಬರಹಗಾರ ಮನೀಶ್ ಝವೇರಿ 1990ರ ದಶಕದಿಂದ ಈ ಕೆಲಸದಲ್ಲಿ ತೊಡಗಿಕೊಂಡರು. ಜಾಹೀರಾತನ್ನು ಮುಂಚಿತವಾಗಿ ತೋರಿಸಿ ಒಪ್ಪಿಗೆ ಪಡೆಯಬೇಕಿಲ್ಲವೆಂದು ಕುರಿಯನ್ ನೀಡಿದ್ದ ಸ್ವಾತಂತ್ರ್ಯದಿಂದಾಗಿ, ನಿನ್ನೆಯ ಸುದ್ದಿಗೆ ಇಂದೇ ಪ್ರತಿಕ್ರಿಯಿಸುವುದು ಸಾಧ್ಯವಾಯಿತು. ಫರ್ನಾಂಡಿಸ್ 2010ರಲ್ಲಿ, ಕುರಿಯನ್ 2012ರಲ್ಲಿ, ಸಿಲ್ವೆಸ್ಟರ್ 2023ರಲ್ಲಿ ನಿಧನರಾದರು, ಹುಡುಗಿ ನಿಲ್ಲಲಿಲ್ಲ. ಚಿಕ್ಕ ಘಟಕಕ್ಕೆ ಇಷ್ಟು ದೊಡ್ಡ ವ್ಯವಸ್ಥೆ ಬೇಡ. ಆದರೆ ‘ಇದು ನಮ್ಮ ಬುಟ್ಟಿಯವನು ಆಡುವ ಮಾತಲ್ಲ’ ಎಂದು ಹೇಳುವ ಅಧಿಕಾರ ಒಬ್ಬರಿಗೇ ಇರಬೇಕು, ಆ ಒಬ್ಬರು ಯಾರೆಂದು ಎಲ್ಲರಿಗೂ ತಿಳಿದಿರಬೇಕು.

ಗಟ್ಟುವಿನ ಪಾಠ

ಒಳ್ಳೆಯ ಪಾತ್ರವೂ ನಿವೃತ್ತಿ ಹೊಂದಬಹುದು. ಇದಕ್ಕೆ ಮೈಸೂರಿನ ನಂಟಿನ ನಿದರ್ಶನವಿದೆ. ಮೈಸೂರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಅವರು 1954ರಲ್ಲಿ ಏಷ್ಯನ್ ಪೇಂಟ್ಸ್ ಸಂಸ್ಥೆಗಾಗಿ ಒಬ್ಬ ತುಂಟ ಹುಡುಗನನ್ನು ಬರೆದುಕೊಟ್ಟರು. ಹಣೆಯ ಮೇಲೆ ಬಿದ್ದ ಕೆದರಿದ ಕೂದಲು, ಕೈಯಲ್ಲಿ ಬಣ್ಣದ ಡಬ್ಬ ಮತ್ತು ಬ್ರಷ್. ಹೆಸರನ್ನು ಸೂಚಿಸಲು ಸಾರ್ವಜನಿಕರಿಗೇ ಸ್ಪರ್ಧೆ ಏರ್ಪಡಿಸಲಾಯಿತು. ‘ಗಟ್ಟು’ ಎಂಬ ಹೆಸರು ಹಾಗೆ ಬಂದಿತು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬಣ್ಣದಂಗಡಿಗಳ ಗೋಡೆಗಳ ಮೇಲೆ ಅವನಿದ್ದ. 2000ದ ದಶಕದ ಆರಂಭದಲ್ಲಿ ಸಂಸ್ಥೆ ತನ್ನ ರೂಪವನ್ನು ಬದಲಿಸಿಕೊಂಡಾಗ ಗಟ್ಟು ತೆರೆಮರೆಗೆ ಸರಿದ.

ಗಟ್ಟುವಿನ ಚಿತ್ರದಲ್ಲಿ ದೋಷವಿರಲಿಲ್ಲ, ಜನರ ನೆನಪಿನಿಂದಲೂ ಅವನು ಅಳಿದಿರಲಿಲ್ಲ. ಬದಲಾದದ್ದು ವ್ಯಾಪಾರ. ಡಬ್ಬ ಮತ್ತು ಬ್ರಷ್ ಹಿಡಿದ ಹುಡುಗ ಹೇಳುತ್ತಿದ್ದುದು ಗೋಡೆಗೆ ಬಳಿಯುವ ಬಣ್ಣದ ಕಥೆ. ಸಂಸ್ಥೆ ಹೇಳಹೊರಟದ್ದು ಮನೆಯ ಅಂದದ, ಕುಟುಂಬದ ಭಾವನೆಗಳ ಕಥೆ. ಆ ಹೊಸ ಮಾತಿನಲ್ಲಿ ಹಳೆಯ ಹುಡುಗನಿಗೆ ಕೆಲಸ ಉಳಿಯಲಿಲ್ಲ. ಪಾತ್ರವನ್ನು ಪದಾರ್ಥದ ಉಪಕರಣಕ್ಕೆ ಬಿಗಿಯಾಗಿ ಕಟ್ಟಿದಾಗ ಬರುವ ಮಿತಿ ಇದು. ಅಮುಲ್ ಹುಡುಗಿಗೆ ಸುದ್ದಿಯೇ ಕೆಲಸವಾದ್ದರಿಂದ, ಪತ್ರಿಕೆ ಬರುವವರೆಗೆ ಆಕೆಗೆ ನಿರುದ್ಯೋಗವಿಲ್ಲ.

ಮೊದಲ ಕಾಗದವೇ ಆಧಾರ

ಕೊನೆಯದಾಗಿ, ಅತಿ ಹೆಚ್ಚು ಕಡೆಗಣಿಸಲ್ಪಡುವ ಸಂಗತಿ ಹಕ್ಕಿನದು. ಚಿತ್ರಕಾರನಿಗೆ ಹಣ ಕೊಟ್ಟ ಮಾತ್ರಕ್ಕೆ ಚಿತ್ರದ ಎಲ್ಲ ಹಕ್ಕೂ ತಮ್ಮದಾಯಿತೆಂದು ಉದ್ಯಮಿಗಳು ತಿಳಿಯುತ್ತಾರೆ. ಸಂಸ್ಥೆಯ ನೌಕರನು ನೌಕರಿಯ ಭಾಗವಾಗಿ ಬರೆದಿದ್ದರೆ ಸಾಮಾನ್ಯವಾಗಿ ಹಕ್ಕು ಸಂಸ್ಥೆಯದು. ಹೊರಗಿನ ಕಲಾವಿದರಿಂದ ಬರೆಸಿದ್ದರೆ ಲಿಖಿತ ಹಸ್ತಾಂತರ ಪತ್ರವಿರುವುದೇ ಕ್ಷೇಮ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಹಸ್ತಾಂತರ ಬರಹದಲ್ಲಿರಬೇಕು. ಅದರಲ್ಲಿ ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೇ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೇ ಪರಿಗಣಿಸಲಾಗುತ್ತದೆ. ಐದು ವರ್ಷ ಬೆಳೆಸಿದ ಪಾತ್ರ ಆರನೆಯ ವರ್ಷ ವಿವಾದಕ್ಕೆ ಸಿಲುಕುವುದು ಈ ಒಂದು ಸಾಲು ಇಲ್ಲದ ಕಾರಣಕ್ಕೆ. ಹಕ್ಕು ಹಸ್ತಾಂತರವಾದ ಮೇಲೂ, ತನ್ನ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಅಧಿಕಾರ 57ನೆಯ ಕಲಮಿನಡಿ ಕಲಾವಿದನಿಗೆ ಉಳಿಯುತ್ತದೆ.

ಕೃತಿಸ್ವಾಮ್ಯದ ಜೊತೆಗೆ ಪಾತ್ರದ ಆಕೃತಿ ಮತ್ತು ಹೆಸರನ್ನು ಟ್ರೇಡ್‌ಮಾರ್ಕ್ ಆಗಿಯೂ ನೋಂದಾಯಿಸಬೇಕು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ ನೋಂದಣಿಯ ಅವಧಿ 10 ವರ್ಷ. ಶುಲ್ಕ ಕಟ್ಟಿ ಮತ್ತೆ ಮತ್ತೆ ನವೀಕರಿಸಬಹುದು. ‘ಮದ್ದೂರು ವಡೆ’ ಎಂಬ ಎರಡು ಪದಗಳನ್ನು ಊರಿನವರೆಲ್ಲರೂ ಹಂಚಿಕೊಳ್ಳಲೇಬೇಕು. ಬುಟ್ಟಿಯವನನ್ನು ಮಾತ್ರ ಹಂಚಿಕೊಳ್ಳಬೇಕಿಲ್ಲ.

ಕಲಾವಿದರ ಸಹಿಯುಳ್ಳ ಹಸ್ತಾಂತರ ಪತ್ರ, ಕಾಗದದ ಮೇಲಿನ ಮೂಲ ಚಿತ್ರ, ಚೌಕದ ಜಾಲದ ಪುಟ, ಬಣ್ಣದ ಅಂಕಿಗಳು ಹಾಗೂ ನೋಂದಣಿ ಪತ್ರ, ಈ ಐದನ್ನು ಒಂದೇ ಕಡತದಲ್ಲಿರಿಸಿ, ಅದರ ಪ್ರತಿಯೊಂದನ್ನು ಬೇರೆ ಸ್ಥಳದಲ್ಲಿಡಬೇಕು. ಕಂಪ್ಯೂಟರಿನ ಕಡತಗಳು ಕೆಟ್ಟರೂ, ತಂತ್ರಾಂಶ ಬದಲಾಗಿ ತೆರೆದುಕೊಳ್ಳದೆ ಹೋದರೂ, ಕಾಗದದ ಚಿತ್ರದಿಂದ ಪಾತ್ರವನ್ನು ಮರಳಿ ಬರೆಯಬಹುದು. ಇಪ್ಪತ್ತು ವರ್ಷದ ಬಳಿಕ ಘಟಕದ ಹೊಣೆ ಹೊರುವ ಮುಂದಿನ ಪೀಳಿಗೆಗೆ ಬುಟ್ಟಿ ಎಷ್ಟು ಓರೆಯಾಗಿತ್ತೆಂಬುದನ್ನು ಹೇಳಲು ಆ ಕಡತವಲ್ಲದೆ ಬೇರೆ ಸಾಕ್ಷಿ ಇರುವುದಿಲ್ಲ.